ಹೊತ್ತು ಉಳಿಯುವುದು ವೇಗದಿಂದಲ್ಲ

ಕಳಸಾಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ತಂದೆಯ ಜೊತೆ ಮನೆಗೆ ಬಂದಿದ್ದ. ಗದಗಿನ ಕಿರಾಣಿ ಸಗಟು ವ್ಯಾಪಾರಿಯೊಬ್ಬರಲ್ಲಿ ಸಣ್ಣ ಗೂಡ್ಸ್ ಗಾಡಿ ಓಡಿಸುವ ಕೆಲಸಕ್ಕೆ ಸಂದರ್ಶನಕ್ಕೆ ಹೋಗಿ ಬರಿಗೈಲಿ ಮರಳಿದ್ದ. "ಗಾಡಿ ಚೊಲೋನ ಹೊಡದೇನ್ರೀ ಸರ್, ಆದ್ರೂ ಬ್ಯಾಡ ಅಂದ್ರು" ಎಂದ. ಡ್ರೈವಿಂಗ್ ಸ್ಕೂಲಿಗೆ ಕೈಗಡ ತಂದು ದುಡ್ಡು ಕಟ್ಟಿದ್ದ ತಂದೆ ತಲೆ ತಗ್ಗಿಸಿ ಕುಳಿತಿದ್ದರು. ಅವರು ಕೇಳಿದ್ದೇನು, ನೀನು ಹೇಳಿದ್ದೇನು ಎಂದು ಒಂದೊಂದಾಗಿ ವಿಚಾರಿಸಿದೆ.

ಮೊದಲು ಲೈಸೆನ್ಸ್ ನೋಡಿದರಂತೆ. ಮಾಲೀಕರು ಅದರಲ್ಲಿ ನೋಡುವುದು ಎರಡನ್ನು: ಅವಧಿ ಮುಗಿದಿಲ್ಲವಲ್ಲ, ಯಾವ ವರ್ಗದ ವಾಹನಕ್ಕೆ ಕೊಟ್ಟದ್ದು. ಬೈಕಿನ ಲೈಸೆನ್ಸ್ ಇಲ್ಲಿ ನಡೆಯದು. ಕಲಿಕಾ ಲೈಸೆನ್ಸ್ ಇದ್ದವನ ಪಕ್ಕದಲ್ಲಿ ಕಲಿಸುವವನು ಕೂತಿರಬೇಕು, ಹಾಗಾಗಿ ಅದೂ ಕೆಲಸಕ್ಕೆ ಬಾರದು. ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದವನು ಒಟ್ಟು ತೂಕ 7,500 ಕಿಲೋ ಮೀರದ ಸರಕು ಗಾಡಿಯನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ನಮ್ಮ ಹುಡುಗನ ಬಳಿ ಅದೇ ಲೈಸೆನ್ಸ್ ಇತ್ತು. ಇಲ್ಲಿ ಅವನು ಪಾಸು.

ಎರಡನೆಯದು ದಾರಿ. "ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಡಂಬಳ, ತಿರುಗಿ ಗದಗ" ಎಂದು ಪಾಠ ಒಪ್ಪಿಸಿದ. ವ್ಯಾಪಾರಿ ಮತ್ತೆ ಕೇಳಿದರು: "ಹಂಗಾದ್ರ ಗಾಡಿಯೊಳಗ ಮೊದಲ ಯಾವೂರ ಮಾಲು ಹಾಕತಿ ತಮ್ಮಾ?" ಇವನು "ಮುಳಗುಂದದ್ದು" ಎಂದ. ಮೊದಲು ಹಾಕಿದ ಮಾಲು ಒಳಗಿನ ಮೂಲೆ ಸೇರುತ್ತದೆ. ಮುಳಗುಂದದಲ್ಲಿ ಎರಡು ಚೀಲ ಇಳಿಸಲು ಉಳಿದ ನಾಲ್ಕೂರ ಮಾಲನ್ನು ರಸ್ತೆಗೆ ತೆಗೆಯಬೇಕಾಗುತ್ತದೆ. ಕಡೆಗೆ ಇಳಿಸುವ ಡಂಬಳದ ಮಾಲು ಮೊದಲು ಒಳಗೆ ಹೋಗಬೇಕು, ಮುಳಗುಂದದ್ದು ಕೊನೆಗೆ, ಬಾಗಿಲ ಬಳಿ. ದಾರಿ ಗೊತ್ತಿರುವುದೆಂದರೆ ಊರ ಹೆಸರು ಗೊತ್ತಿರುವುದಷ್ಟೇ ಅಲ್ಲ. ಯಾವ ಊರಲ್ಲಿ ಸಂತೆ ಎಂದು, ಯಾವ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಗಾಡಿ ಎಲ್ಲಿ ನಿಲ್ಲಿಸಿದರೆ ಬೇರೆಯವರಿಗೆ ಅಡ್ಡಿಯಾಗದು ಎಂಬುದೂ ಅದರಲ್ಲಿ ಸೇರಿದೆ.

ಮೂರನೆಯ ಪ್ರಶ್ನೆ: "ಲಕ್ಷ್ಮೇಶ್ವರಕ್ಕ ತಡಾ ಆತು ಅನ್ನು, ಏನ್ ಮಾಡ್ತಿ?" ನಮ್ಮ ಹುಡುಗ ಹುರುಪಿನಿಂದ, "ಜೋರ್ ಹೊಡದು ಮುಟ್ಟಸ್ತೀನ್ರೀ" ಎಂದ. ಕೆಲಸ ಹೋದದ್ದು ಇಲ್ಲೇ.

ಒಂಬತ್ತನೆಯ ತರಗತಿಯಲ್ಲಿ ಇವನಿಗೆ ಚಲನೆಯ ಪಾಠ ಹೇಳಿದವನು ನಾನೇ. ಮತ್ತೆ ಸೀಮೆಸುಣ್ಣ ಹಿಡಿದೆ. ಗದಗಿನಿಂದ ಲಕ್ಷ್ಮೇಶ್ವರ 40 ಕಿ.ಮೀ. ಎಂದಿಟ್ಟುಕೊಳ್ಳೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿ 48 ನಿಮಿಷ ಬೇಕು. ರಸ್ತೆಯುದ್ದಕ್ಕೂ 80ರಲ್ಲಿ ಓಡಿಸಿದರೆ 30 ನಿಮಿಷ. ಉಳಿತಾಯ 18 ನಿಮಿಷ, ಅದೂ ಎಲ್ಲೂ ನಿಲ್ಲದಿದ್ದರೆ. ಇನ್ನು ದನವೊಂದು ಅಡ್ಡ ಬಂತೆನ್ನಿ. ಕಣ್ಣಿಗೆ ಬಿದ್ದು ಕಾಲು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತದೆ. 50ರ ವೇಗದಲ್ಲಿ ಅಷ್ಟರೊಳಗೆ ಗಾಡಿ 14 ಮೀಟರ್ ಮುಂದೆ ಹೋಗಿರುತ್ತದೆ, ಬ್ರೇಕ್ ಹಿಡಿದ ಮೇಲೆ ಮತ್ತೆ ಸುಮಾರು 14 ಮೀಟರ್, ಒಟ್ಟು 28. 80ರಲ್ಲಾದರೆ 22 ಮತ್ತು 35, ಒಟ್ಟು 57 ಮೀಟರ್. ನಿಲ್ಲುವ ದೂರ ಇಮ್ಮಡಿಯಾಯಿತು. ಬ್ರೇಕಿನ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದೇ ಇದಕ್ಕೆ ಕಾರಣ. ಇದು ಒಣ ಡಾಂಬರು ರಸ್ತೆ, ಒಳ್ಳೆಯ ಟೈರಿನ ಲೆಕ್ಕ. ಮಳೆಯಲ್ಲಿ, ಸವೆದ ಟೈರಿನಲ್ಲಿ ದೂರ ಇನ್ನೂ ಹೆಚ್ಚು.

ಹಾಗಾದರೆ ಹೊತ್ತು ಹೋಗುವುದೆಲ್ಲಿ? ಮಾಲು ಹುಡುಕುವುದರಲ್ಲಿ, ಬಿಲ್ ತಡಕುವುದರಲ್ಲಿ. ಐದು ಊರಲ್ಲಿ ಹತ್ತತ್ತು ನಿಮಿಷ ಹೋದರೂ 50 ನಿಮಿಷವಾಯಿತು. ಆದ್ದರಿಂದ ಸರಿಯಾದ ಉತ್ತರ ಹೀಗಿರಬೇಕು: "ಮಾಲು ಇಳಿಸೋ ಕ್ರಮದಾಗ ತುಂಬಿ, ಬಿಲ್ಲೂ ಹಂಗ ಜೋಡಿಸಿಕೊಂಡು ಹೊತ್ತಿಗೆ ಬಿಡ್ತೀನ್ರೀ. ಅಷ್ಟಾದ್ರೂ ತಡಾ ಆದ್ರ ಗಾಡಿ ಬಾಜೂಕ ನಿಲ್ಲಿಸಿ ಅಂಗಡಿಯವರಿಗೆ ಫೋನ್ ಮಾಡ್ತೀನ್ರೀ."

ಕೊನೆಗೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆ. ಚೊಲೋ ಹೊಡೆದೆ ಎಂದವನಿಗೆ, ಚಾವಿ ತಿರುಗಿಸುವ ಮುಂಚೆ ಏನು ಮಾಡಿದೆ ಎಂದು ಕೇಳಿದೆ. ಹತ್ತಿ ಕೂತೆ ಎಂದ. ಮಾಲೀಕರ ಕಣ್ಣು ಅಲ್ಲೇ ಇರುತ್ತದೆ. ಸುತ್ತ ಒಂದು ಸಲ ನಡೆದು ಟೈರು, ದೀಪ, ಹಗ್ಗದ ಬಿಗಿ ನೋಡಬೇಕು. ಕೂತ ಮೇಲೆ ಕನ್ನಡಿ ಸರಿಪಡಿಸಿ ಬೆಲ್ಟ್ ಹಾಕಬೇಕು. ಗಾಡಿ ಹೊರಟೊಡನೆ ಖಾಲಿ ಜಾಗದಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಬೇಕು.

ಹದಿನೈದು ದಿನದ ನಂತರ ಹುಡುಗ ಬೇರೊಬ್ಬ ವ್ಯಾಪಾರಿಯ ಬಳಿ ಹೋದ. ಅವರೂ ತಡವಾದರೆ ಏನು ಮಾಡ್ತಿ ಎಂದರಂತೆ. ಇವನು ಅವರ ಮೇಜಿನ ಮೇಲಿದ್ದ ಹಾಳೆಯಲ್ಲಿ 28, 57 ಎಂದು ಬರೆದು ತೋರಿಸಿದ. ಸೋಮವಾರದಿಂದ ಗಾಡಿ ಓಡಿಸುತ್ತಿದ್ದಾನೆ.