ಸಾಲ ತೀರಿದರೂ ತೀರದ ಸಿಬಿಲ್

ರೈತ ಬಂಧುಗಳೇ, ‘ನಿಮ್ಮ ಸಿಬಿಲ್ ಸರಿಯಿಲ್ಲ’ ಎಂದು ಬ್ಯಾಂಕಿನವರು ವಾಪಸ್ ಕಳಿಸಿದರೆ ಸುಮ್ಮನೆ ಎದ್ದು ಬರಬೇಡಿ. ಸಿಬಿಲ್ ಎಂಬುದು ಬ್ಯಾಂಕುಗಳಿಂದ ನಮ್ಮ ಸಾಲದ ಲೆಕ್ಕ ತರಿಸಿಕೊಂಡು 300ರಿಂದ 900ರೊಳಗೆ ಅಂಕ ಹಾಕುವ ಖಾಸಗಿ ಕಂಪನಿ. ನಿಮ್ಮ ಪಹಣಿ ಅದಕ್ಕೆ ಬೇಕಿಲ್ಲ, ಮಳೆ ಕೈಕೊಟ್ಟದ್ದೂ ಬೇಕಿಲ್ಲ. ಕಂತು ಎಷ್ಟು ದಿನ ತಡವಾಯ್ತು, ಎಷ್ಟು ಬಾಕಿ ಇದೆ, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದಿರಿ ಎಂಬುದನ್ನು ನೋಡುತ್ತದೆ. ತಡವಾದದ್ದಕ್ಕೇ ಹೆಚ್ಚು ತೂಕ. ಪೂರ್ತಿ ಸೂತ್ರವನ್ನು ಬಿಟ್ಟುಕೊಡುವುದಿಲ್ಲ. ನಮ್ಮ ಹಣೆಬರಹ ಬರೆಯುವವರು ಲೆಕ್ಕ ತೋರಿಸಬೇಡವೇ?

ನಾವು ಎಡವುವುದು ಓಟಿಎಸ್ ಎನ್ನುವ ಒಂದೇ ಸಲದ ತೀರುವಳಿಯಲ್ಲಿ. 2 ಲಕ್ಷ ಬಾಕಿಗೆ 1,20,000 ಕಟ್ಟಿ ಸಾಕು ಎಂದರು, ಎತ್ತು ಮಾರಿ ಕಟ್ಟಿದಿರಿ ಎನ್ನೋಣ. ನಿಮ್ಮ ಮಟ್ಟಿಗೆ ಸಾಲ ತೀರಿತು. ವರದಿಯಲ್ಲಿ ಮಾತ್ರ ‘ಸೆಟಲ್ಡ್’ ಎಂದು ಬೀಳುತ್ತದೆ. ಅಂದರೆ ಪೂರ್ತಿ ಕಟ್ಟಿಲ್ಲ ಎಂದರ್ಥ. ಮುಂದಿನ ಮ್ಯಾನೇಜರು ಓದೋದು ಅದನ್ನೇ. ಆದ್ದರಿಂದ ಸಹಿ ಹಾಕುವ ಮೊದಲೇ ವರದಿಗೆ ಏನು ಬರೆಯುತ್ತೀರೆಂದು ಬರಹದಲ್ಲಿ ಕೇಳಿ. ಆಗಿಹೋಗಿದ್ದರೆ, ಉಳಿದ 80,000 ಕಟ್ಟಿದರೆ ‘ಕ್ಲೋಸ್ಡ್’ ಎಂದು ತಿದ್ದಿಸುತ್ತೀರಾ ಎಂದು ಕೇಳಿ. ಬರೆದುಕೊಟ್ಟರೆ ಮಾತ್ರ ಕಟ್ಟಿ, ಬೇಬಾಕಿ ಪತ್ರ ಪಡೆಯಿರಿ. ಹಳೆಯ ತಡದ ಗುರುತು ಕೂಡಲೇ ಅಳಿಯೋದಿಲ್ಲ; ಮುಂದೆ ಹೊತ್ತಿಗೆ ಸರಿಯಾಗಿ ಕಟ್ಟುತ್ತಾ ಹೋದಂತೆ ಅದರ ಭಾರ ಇಳಿಯುತ್ತೆ.

ಪೂರ್ತಿ ಕಟ್ಟಿಯೂ ಬಾಕಿ ತೋರಿಸಿದರೆ ಅದು ಅವರ ತಪ್ಪು. ವರ್ಷಕ್ಕೊಮ್ಮೆ ವರದಿ ಪುಕ್ಕಟೆ ಸಿಗುತ್ತೆ. ತರಿಸಿ ನೋಡಿ, ರಸೀದಿ ಲಗತ್ತಿಸಿ ಬ್ಯಾಂಕಿಗೂ ಸಿಬಿಲ್ ಕಂಪನಿಗೂ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲೇ ಆದೇಶಿಸಿದೆ. ದೂರಿಗೆ ತಾರೀಖು, ಸೀಲು ಹಾಕಿಸಿಕೊಳ್ಳದೆ ಬ್ಯಾಂಕಿನ ಮೆಟ್ಟಿಲು ಇಳಿಯಬೇಡಿ.