ಹರಿವು ತಗ್ಗಿಸಿದ ಕೈ ಯಾರದು?

2021ರ ಏಪ್ರಿಲ್ ಕೊನೆಯ ವಾರ. ದೆಹಲಿಯ ಆಸ್ಪತ್ರೆಗಳಲ್ಲಿ ಆಮ್ಲಜನಕಕ್ಕೆ ಹಾಹಾಕಾರ. ನಾನು ಅರಿವಳಿಕೆ ವೈದ್ಯನಾಗಿದ್ದ ಆಸ್ಪತ್ರೆಗೆ ಬರಬೇಕಿದ್ದ ಟ್ಯಾಂಕರ್ ಬಂದಿರಲಿಲ್ಲ. ಸಿಲಿಂಡರ್‌ಗಳ ಸಾಲನ್ನೇ ನಂಬಿ ರಾತ್ರಿ ಕಳೆಯಬೇಕಿತ್ತು. ಒಂದು ದೊಡ್ಡ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ನಿಮಿಷಕ್ಕೆ 15 ಲೀಟರ್ ಎಳೆಯುವ ಮಾಸ್ಕಿನ ರೋಗಿಗೆ ಅದು ಏಳೂವರೆ ಗಂಟೆ ದಾಟಿ ಬರುತ್ತದೆ. ಮೂಗಿನ ನಳಿಕೆಯಿಂದ 60 ಲೀಟರ್ ಬೇಕಾದ ರೋಗಿಗೆ ಎರಡು ಗಂಟೆಗೂ ಸಾಲದು. ಒಬ್ಬರಿಗೆ ಕೊಟ್ಟರೆ ಅದು ನಾಲ್ವರ ಪಾಲು.

‘ಹರಿವು ತಗ್ಗಿಸಿ’ ಎಂದು ಆಡಳಿತದಿಂದ ಫೋನ್ ಬಂತು. ಯಾರಿಗೆ, ಎಷ್ಟು ಎಂದು ಯಾರೂ ಬರೆದುಕೊಡಲಿಲ್ಲ. ನಾನು ಹಾಸಿಗೆಯ ಸಂಖ್ಯೆ ಹೇಳಿದೆ. ನಾಬ್ ತಿರುಗಿಸಿದವರು ಹಾಸನ ಕಡೆಯ ಒಬ್ಬ ನರ್ಸ್. ಬೆಳಗಾಗುವ ಮೊದಲೇ ರೋಗಿ ತೀರಿಕೊಂಡರು. ತಗ್ಗಿಸದಿದ್ದರೆ ಉಳಿಯುತ್ತಿದ್ದರೇ ಎಂದು ಯಾರೂ ಹೇಳಲಾರರು. ತಿಂಗಳುಗಳ ನಂತರ ಆಕೆ ಕೇಳಿದ್ದು ಒಂದೇ ಮಾತು: ‘ಕೈ ನನ್ನದಲ್ವಾ ಸರ್?’

ಇದನ್ನು ನೈತಿಕ ಗಾಯ ಎನ್ನುತ್ತಾರೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಅಮೆರಿಕದಲ್ಲಿ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ ಇದನ್ನು ಗುರುತಿಸಿದರು. ಜೀವನ್ಮರಣದ ಹೊತ್ತಿನಲ್ಲಿ, ಅಧಿಕಾರದಲ್ಲಿರುವವರೇ ಸರಿಯಾದದ್ದಕ್ಕೆ ದ್ರೋಹ ಬಗೆದಾಗ ಆಗುವ ಗಾಯವಿದು ಎಂಬುದು ಅವರ ವಿವರಣೆ. ತಾನೇ ಮಾಡಿದ ಅಥವಾ ತಡೆಯಲಾಗದೆ ನೋಡಿದ ಕೆಲಸವೂ ಹೀಗೆ ಗಾಯ ಮಾಡಬಲ್ಲದು ಎಂದು ನಂತರದವರು ಸೇರಿಸಿದರು.

ಇದು ಬರಿಯ ದಣಿವಲ್ಲ. ರಜೆ ಕೊಟ್ಟರೆ ಹೋಗುವುದಿಲ್ಲ. ಆಘಾತದ ಕಾಯಿಲೆಯಲ್ಲಿ ಮುಖ್ಯವಾಗಿ ಕಾಡುವುದು ಭಯ. ಇಲ್ಲಿ ಕಾಡುವುದು ನಾಚಿಕೆ ಮತ್ತು ಸಿಟ್ಟು. ಎರಡೂ ಒಬ್ಬರಲ್ಲೇ ಇರಬಹುದು, ಆದರೆ ಮದ್ದು ಬೇರೆ. ಆ ನರ್ಸ್ ಅಲಾರಂ ಸದ್ದಿಗೆ ಬೆಚ್ಚುತ್ತಿರಲಿಲ್ಲ. ರೋಗಿಗಳ ಮನೆಯವರ ಕಣ್ಣು ತಪ್ಪಿಸುತ್ತಿದ್ದರು, ಬಡ್ತಿ ಬೇಡವೆಂದರು. ಸಲಹೆಗಾರರು ‘ನಿಮ್ಮ ತಪ್ಪಿಲ್ಲ’ ಎಂದಾಗ ಆಕೆಗೆ ಸಮಾಧಾನವಾಗಲಿಲ್ಲ. ಕೈ ತನ್ನದೆಂಬುದು ಸುಳ್ಳಲ್ಲವಲ್ಲ!

ಆಸ್ಪತ್ರೆಗಳು ಈಗ ಏರ್ಪಡಿಸುವ ಯೋಗ ಶಿಬಿರ, ಮನೋಸ್ಥೈರ್ಯದ ಕಾರ್ಯಾಗಾರಗಳು ಗಾಯಗೊಂಡವರನ್ನೇ ಸರಿಪಡಿಸಲು ಹೊರಡುತ್ತವೆ. ಬೇಕಿರುವುದು ಬೇರೆ. ಅಭಾವದ ಹೊತ್ತಿನಲ್ಲಿ ಯಾರಿಗೆ ಎಷ್ಟು ಎಂಬುದನ್ನು ಹಾಸಿಗೆಯ ಪಕ್ಕದಲ್ಲಿರುವವರು ತೀರ್ಮಾನಿಸಬಾರದು. ಅದಕ್ಕೆ ಹಿರಿಯ ವೈದ್ಯರ ಪ್ರತ್ಯೇಕ ತಂಡ ಇರಬೇಕು, ಮೊದಲೇ ಬರೆದಿಟ್ಟ ನಿಯಮ ಇರಬೇಕು, ಆದೇಶದ ಕೆಳಗೆ ಕೊಟ್ಟವರ ಸಹಿ ಇರಬೇಕು. ಎಲ್ಲ ಮುಗಿದ ಮೇಲೆ ಅವರೇ ಎದುರು ಕುಳಿತು ‘ಆದೇಶ ನಮ್ಮದು’ ಎನ್ನಬೇಕು. ಇಷ್ಟರಿಂದ ನೋವು ಪೂರ್ತಿ ಹೋಗದು. ಭಾರ ಒಬ್ಬರ ಹೆಗಲ ಮೇಲೆ ಮಾತ್ರ ಉಳಿಯುವುದಿಲ್ಲ.

ಆ ರಾತ್ರಿಯ ಫೋನಿಗೆ ದಾಖಲೆಯಿಲ್ಲ. ಹಾಸಿಗೆ ಆರಿಸಿದ ನನ್ನ ಹೆಸರೂ ಎಲ್ಲಿಯೂ ಇಲ್ಲ. ಚಾರ್ಟಿನಲ್ಲಿ ಹರಿವಿನ ಅಂಕಿಯ ಮುಂದೆ ಇರುವುದು ಆಕೆಯ ಸಹಿ ಮಾತ್ರ.