ಕ್ಯಾನಿನ ತೆರಿಗೆ ಇಳಿಯಿತು, ಬೆಲೆ ಇಳಿಯಿತೇ?



ಸೋಮವಾರಪೇಟೆಯಿರಲಿ, ಕುಶಾಲನಗರವಿರಲಿ, ಸಂಘಕ್ಕೆ ಹಾಲು ಹಾಕುವ ನಮಗೆಲ್ಲ ಹಾಲಿನ ಕ್ಯಾನ್ ಚೆನ್ನಾಗಿ ಗೊತ್ತು. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಸಂತೋಷದ ವಿಷಯವೇ. ಆದರೆ ಕ್ಯಾನ್ ಮಾಡುವ ಸ್ಟೀಲ್ ಅಥವಾ ಅಲ್ಯೂಮಿನಿಯಂ ತಗಡಿನ ತೆರಿಗೆ ಶೇ. 18ರಲ್ಲೇ ಉಳಿದಿದೆ. ಕಚ್ಚಾ ಮಾಲಿಗೆ ಹೆಚ್ಚು, ಸಿದ್ಧ ವಸ್ತುವಿಗೆ ಕಡಿಮೆ. ಇದನ್ನೇ ತಲೆಕೆಳಗಾದ ತೆರಿಗೆ ಎನ್ನುತ್ತಾರೆ.

ಲೆಕ್ಕಕ್ಕೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಯಾರಕ 2,000 ರೂಪಾಯಿಯ ತಗಡಿಗೆ 360 ರೂಪಾಯಿ ತೆರಿಗೆ ಕೊಟ್ಟ. ಕ್ಯಾನನ್ನು 3,000 ರೂಪಾಯಿಗೆ ಮಾರಿದ. ಮೊದಲು ಶೇ. 12ರಂತೆ ನಮ್ಮಿಂದ ಬರುತ್ತಿದ್ದ ತೆರಿಗೆಯೂ 360, ಅಲ್ಲಿಗಲ್ಲಿಗೆ ಸರಿಹೋಗುತ್ತಿತ್ತು. ಈಗ ಬರುವುದು 150 ಮಾತ್ರ. ಉಳಿದ 210 ರೂಪಾಯಿ ಸರ್ಕಾರದ ಬಳಿ ಜಮೆಯಾಗಿ ನಿಲ್ಲುತ್ತದೆ.

ಈ ಹಣವನ್ನು ಅರ್ಜಿ ಹಾಕಿ ವಾಪಸು ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ಎರಡು ವರ್ಷದೊಳಗೆ ಕೇಳಬೇಕು. ತೊಡಕಿರುವುದು ಬೇರೆ ಕಡೆ. ಶೆಡ್ ಬಾಡಿಗೆ, ಯಂತ್ರದ ದುರಸ್ತಿ ಎಂದು ಆ ಕ್ಯಾನಿನ ಪಾಲಿಗೆ 500 ರೂಪಾಯಿ ಖರ್ಚಾಗಿ, ಅದಕ್ಕೆ 90 ರೂಪಾಯಿ ತೆರಿಗೆ ಕಟ್ಟಿದ್ದರೆ, ಒಟ್ಟು ನಿಂತ ಹಣ 300 ಆಗುತ್ತದೆ. ವಾಪಸು ಸಿಗುವುದು ಸರಕಿನ ತೆರಿಗೆ ಮಾತ್ರ, ಸೇವೆಯ ತೆರಿಗೆ ಅಲ್ಲ. ಇದು ಸರಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ನಿಯಮದ ಸೂತ್ರದಂತೆ ಅವನಿಗೆ ಬರುವುದು 240. 60 ರೂಪಾಯಿ ಉಳಿದುಬಿಡುತ್ತದೆ. ಬರುವ ಹಣವೂ ಬರುವವರೆಗೆ ಸಣ್ಣ ತಯಾರಕ ಸಾಲ ಮಾಡಿಯೇ ತಗಡು ಕೊಳ್ಳಬೇಕು.

ಆ ಭಾರ ಕೊನೆಗೆ ಬೀಳುವುದು ಎಲ್ಲಿ? ಕ್ಯಾನಿನ ಮೂಲ ಬೆಲೆಯ ಮೇಲೆ. 3,000 ರೂಪಾಯಿಯ ಕ್ಯಾನ್ ಮೊದಲು ತೆರಿಗೆ ಸೇರಿ 3,360 ಆಗುತ್ತಿತ್ತು. ಈಗ 3,150 ಆಗಬೇಕು. ಬಿಲ್ಲಿನಲ್ಲಿ ಈಗಲೂ 3,360 ಎಂದಿದ್ದರೆ ಮೂಲ ಬೆಲೆ ಸದ್ದಿಲ್ಲದೆ 3,200ಕ್ಕೆ ಏರಿದೆ ಎಂದರ್ಥ. ಹಾಲಿಗೆ ಜಿಎಸ್‌ಟಿ ಇಲ್ಲ. ಆದ್ದರಿಂದ ಹಾಲು ಮಾತ್ರ ಮಾರುವ ಸಂಘಕ್ಕೆ ಕ್ಯಾನಿನ ತೆರಿಗೆಯನ್ನು ಹೊಂದಿಸಿಕೊಳ್ಳಲೂ ಆಗದು, ವಾಪಸು ಕೇಳಲೂ ಆಗದು. ಅದು ಸಂಘದ ಖರ್ಚು, ಅಂದರೆ ನಮ್ಮ ಬೋನಸ್ಸಿನ ಹಣ.

ತೆರಿಗೆ ಇಳಿಸಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅರ್ಧ ಕೆಲಸವಾಗಿದೆ ಎನ್ನುತ್ತೇನೆ. ರಸಗೊಬ್ಬರದ ವಿಷಯದಲ್ಲಿ ಅದೇ ದಿನ ಇನ್ನರ್ಧವೂ ಆಯಿತು: ಗೊಬ್ಬರಕ್ಕೆ ಶೇ. 5 ಇತ್ತು, ಅದಕ್ಕೆ ಬೇಕಾದ ಅಮೋನಿಯಾ, ಗಂಧಕಾಮ್ಲದ ತೆರಿಗೆಯನ್ನೂ ಶೇ. 18ರಿಂದ 5ಕ್ಕೆ ತಂದರು. ತಗಡು ನೂರು ಕೆಲಸಕ್ಕೆ ಬರುವುದರಿಂದ ಅಲ್ಲಿ ಹಾಗೆ ಮಾಡುವುದು ಕಷ್ಟ. ಸೇವೆಯ ತೆರಿಗೆಯನ್ನೂ ವಾಪಸಿನ ಲೆಕ್ಕಕ್ಕೆ ಸೇರಿಸುವುದು ಕಷ್ಟವಲ್ಲ. ಒಕ್ಕೂಟ ಇದನ್ನು ಸರ್ಕಾರದ ಮುಂದಿಡಬೇಕು.

ನಮ್ಮ ಕೈಯಲ್ಲೂ ಒಂದು ಕೆಲಸವಿದೆ. ಮುಂದಿನ ಸಭೆಯಲ್ಲಿ ಕ್ಯಾನ್ ಖರೀದಿಯ ಹಳೆಯ ಬಿಲ್ಲು, ಹೊಸ ಬಿಲ್ಲು ಎರಡನ್ನೂ ಕೇಳಿ. ಒಟ್ಟು ಮೊತ್ತ ನೋಡಬೇಡಿ, ತೆರಿಗೆಗೆ ಮುಂಚಿನ ಬೆಲೆಯ ಸಾಲನ್ನು ಓದಿ.